ಗಾಲಿಯ ನಟ್ ಬಿಗಿಯುವ ಕ್ರಮ: ದಾವಣಗೆರೆಯಲ್ಲಿ ಬಿಗಿದು ಚಿತ್ರದುರ್ಗದಲ್ಲಿ ಮತ್ತೆ ನೋಡುವುದು

ಆನಗೋಡು ದಾಟಿತ್ತು, ಭರಮಸಾಗರ ಇನ್ನೂ ಬಂದಿರಲಿಲ್ಲ. ಎಡಗಡೆಯ ಹಿಂದಿನ ಗಾಲಿಯಿಂದ ಟಕ್, ಟಕ್ ಎಂಬ ಸದ್ದು ಶುರುವಾಯಿತು. ವೇಗ ಇಳಿಸಿದರೆ ಸದ್ದೂ ನಿಧಾನವಾಗುತ್ತಿತ್ತು, ಏರಿಸಿದರೆ ಚುರುಕಾಗುತ್ತಿತ್ತು. ಗೇರ್ ತೆಗೆದು ನ್ಯೂಟ್ರಲ್‌ಗೆ ಹಾಕಿ ನೋಡಿದೆ, ಸದ್ದು ಹಾಗೆಯೇ ಇತ್ತು. ಅಂದರೆ ಎಂಜಿನ್ನಿನದಲ್ಲ, ಗಾಲಿಯದೇ. ಹೆದ್ದಾರಿಯಿಂದ ಪೂರ್ತಿ ಬದಿಗೆ ಸರಿದು ಕಾರು ನಿಲ್ಲಿಸಿ ಗಾಲಿಯ ಮುಚ್ಚಳ ತೆಗೆದರೆ, ಐದು ನಟ್‌ಗಳಲ್ಲಿ ಎರಡನ್ನು ಬೆರಳಿನಿಂದಲೇ ತಿರುಗಿಸಬಹುದಿತ್ತು. ಉಳಿದ ಮೂರು ಮಾತ್ರ ಕಾರಿನ ಜೊತೆ ಬಂದ ಪಾನಾದಿಂದ ಜಗ್ಗಿದರೂ ಅಲುಗಲಿಲ್ಲ.

ಮುಕ್ಕಾಲು ಗಂಟೆ ಹಿಂದೆ ದಾವಣಗೆರೆಯ ಒಂದು ಪಂಕ್ಚರ್ ಅಂಗಡಿಯಲ್ಲಿ ಆ ಗಾಲಿಯನ್ನು ಬಿಚ್ಚಿ ಮತ್ತೆ ಹಾಕಿಸಿದ್ದೆ. ಹುಡುಗ ಗಾಳಿಯ ಗನ್ನು ಹಿಡಿದು, ಮೇಲಿನ ನಟ್ಟಿನಿಂದ ಶುರುಮಾಡಿ ಗಡಿಯಾರದ ಮುಳ್ಳಿನಂತೆ ಒಂದು ಸುತ್ತು ಬಂದು, ಒಂದೊಂದನ್ನೂ ಬರ್ರ್ ಎಂದು ಕೊನೆಯವರೆಗೆ ಬಿಗಿದಿದ್ದ. ‘ಗಟ್ಟಿಯಾಗಿ ಕೂತಿದೆ ಸಾರ್, ಹೋಗಿ ಬನ್ನಿ’ ಎಂದಿದ್ದ. ಅವನು ಸುಳ್ಳು ಹೇಳಿರಲಿಲ್ಲ. ಐದೂ ನಟ್‌ಗಳು ಆ ಹೊತ್ತಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚೇ ಬಿಗಿಯಾಗಿದ್ದವು. ಹತ್ತಿಗಿರಣಿಯ ನಿರ್ವಹಣಾ ವಿಭಾಗದಲ್ಲಿ ವರ್ಷಗಟ್ಟಲೆ ಫಿಟರ್ ಆಗಿದ್ದವನು ನಾನು. ಅವನು ಬಿಗಿಯುವಾಗ ಪಕ್ಕದಲ್ಲೇ ನಿಂತು ಚಹಾ ಕುಡಿಯುತ್ತಿದ್ದೆ ಎಂಬುದೇ ನನಗೆ ಇಂದಿಗೂ ನಾಚಿಕೆ.

ಅಷ್ಟು ಬಿಗಿದ ನಟ್ ಮೂವತ್ತು ಕಿಲೋಮೀಟರಿನೊಳಗೆ ಸಡಿಲವಾದದ್ದು ಹೇಗೆ? ಇದು ಅರ್ಥವಾದರೆ ಒಂದಾದ ಮೇಲೆ ಅದರ ಎದುರಿನ ನಟ್ಟಿಗೆ ಹೋಗುವ ನಕ್ಷತ್ರದ ಕ್ರಮ ಏಕೆ, ಕೈಪಿಡಿಯಲ್ಲಿ ಕೊಟ್ಟಿರುವ ಟಾರ್ಕ್ ಸಂಖ್ಯೆಯ ಅರ್ಥವೇನು ಎಂಬ ಎರಡೂ ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಅದನ್ನು ಮೊದಲು ಹೇಳಿ, ಆಮೇಲೆ ಕೆಲಸದ ಹಂತಗಳಿಗೆ ಬರುತ್ತೇನೆ.

ನಟ್ ಬಿಗಿಯುವುದೆಂದರೆ ಬೋಲ್ಟನ್ನು ಎಳೆಯುವುದು

ಗಾಲಿಯ ಭಾರವೆಲ್ಲ ನಟ್ ಏರಿಸುವ ಆ ಐದು ಬೋಲ್ಟುಗಳ, ಅಂದರೆ ಸ್ಟಡ್‌ಗಳ ಮೇಲೆ ಕೂತಿರುತ್ತದೆ, ಮೊಳೆಗೆ ಅಂಗಿ ನೇತುಹಾಕಿದಂತೆ, ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ನಟ್ ತಿರುಗಿದಂತೆ ಸ್ಟಡ್ ರಬ್ಬರಿನಂತೆ ತುಸು ಹಿಗ್ಗುತ್ತದೆ. ಹಿಗ್ಗಿದ್ದು ಹಿಂದಕ್ಕೆ ಕುಗ್ಗಲು ನೋಡುತ್ತದೆ. ಆ ಎಳೆತ ರಿಮ್ಮನ್ನು ಅಚ್ಚಿನ ತುದಿಯಲ್ಲಿ ಗಾಲಿ ಕೂರುವ ತಟ್ಟೆಯಾದ ಹಬ್‌ನ ಮುಖಕ್ಕೆ ಒತ್ತಿ ಹಿಡಿಯುತ್ತದೆ. ರಿಮ್ ಮತ್ತು ಹಬ್ ಒಂದರ ಮೇಲೊಂದು ಜಾರದಂತೆ ತಡೆಯುವುದು ಆ ಒತ್ತಡದಿಂದ ಹುಟ್ಟಿದ ಘರ್ಷಣೆ. ಒತ್ತಡ ಹೋದ ಕ್ಷಣದಿಂದ ರಿಮ್ ಹಬ್ಬಿನ ಮೇಲೆ ಅತ್ತಿತ್ತ ಸರಿಯತೊಡಗುತ್ತದೆ, ಸ್ಟಡ್‌ಗೆ ಅಡ್ಡಪೆಟ್ಟು ಬೀಳತೊಡಗುತ್ತದೆ. ನನಗೆ ಕೇಳಿದ ಟಕ್ ಟಕ್ ಅದೇ.

ಎಳೆತ ಎಷ್ಟಿರುತ್ತದೆ ಎಂದು ಅಂದಾಜು ಮಾಡಲು ಫಿಟರ್‌ಗಳು ಬಳಸುವ ಒಂದು ಸರಳ ಸೂತ್ರವಿದೆ.

```
F = T / (K × d)
```

ಇಲ್ಲಿ T ಎಂದರೆ ನಾವು ಪಾನಾದಿಂದ ಕೊಡುವ ತಿರುಚು ಬಲ, ಅಂದರೆ ಟಾರ್ಕ್. d ಎಂದರೆ ಬೋಲ್ಟಿನ ದಪ್ಪ. K ಎಂಬುದು ಘರ್ಷಣೆಯ ಲೆಕ್ಕ. ಎಣ್ಣೆ ಹಚ್ಚದ ಸಾಧಾರಣ ಉಕ್ಕಿಗೆ ಅದನ್ನು 0.2 ಎಂದು ಹಿಡಿಯುವುದು ವಾಡಿಕೆ. ನನ್ನ ಕಾರಿನ ಕೈಪಿಡಿಯಲ್ಲಿ ಗಾಲಿಯ ನಟ್‌ಗೆ 100 ನ್ಯೂಟನ್ ಮೀಟರ್ ಎಂದಿದೆ, ಸ್ಟಡ್ 12 ಮಿಲಿಮೀಟರ್ ದಪ್ಪದ್ದು. 100 ಅನ್ನು 0.2 ಮತ್ತು 0.012ರ ಗುಣಲಬ್ಧದಿಂದ ಭಾಗಿಸಿದರೆ ಸುಮಾರು 41,700 ನ್ಯೂಟನ್ ಬರುತ್ತದೆ. ಕಿರಾಣಿ ತೂಕದಲ್ಲಿ ಹೇಳುವುದಾದರೆ ಒಂದೊಂದು ಸ್ಟಡ್ ನಾಲ್ಕೂಕಾಲು ಟನ್ ಬಲದಿಂದ ರಿಮ್ಮನ್ನು ಒತ್ತುತ್ತಿದೆ. ಐದೂ ಸೇರಿದರೆ 21 ಟನ್.

ಈಗ ಹಿಗ್ಗುವಿಕೆಯ ಲೆಕ್ಕ ನೋಡಿ, ಅಚ್ಚರಿ ಇರುವುದು ಇಲ್ಲಿಯೇ. ಹಬ್ಬಿನ ಮುಖದಿಂದ ನಟ್‌ವರೆಗೆ ಹಿಗ್ಗಲು ಸಿಗುವ ಸ್ಟಡ್‌ನ ಉದ್ದ ಎರಡು ಸೆಂಟಿಮೀಟರ್ ಎಂದಿಟ್ಟುಕೊಂಡರೆ, ನಾಲ್ಕೂಕಾಲು ಟನ್ ಎಳೆತಕ್ಕೆ ಅದು ಹಿಗ್ಗುವುದು ಒಂದು ಮಿಲಿಮೀಟರಿನ ಇಪ್ಪತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ. ತಲೆಗೂದಲಿನ ದಪ್ಪಕ್ಕೆ ಸಮ ಎನ್ನಬಹುದು. ಗಾಲಿಯನ್ನು ಹಿಡಿದಿಟ್ಟಿರುವ ಬಂಡವಾಳ ಅಷ್ಟೇ. ರಿಮ್ ತಾನೂ ಸ್ವಲ್ಪ ಬಾಗಿ ಸ್ಪ್ರಿಂಗಿನಂತೆ ನೆರವಾಗುತ್ತದೆ ನಿಜ, ಆದರೂ ರಿಮ್ ಮತ್ತು ಹಬ್ಬಿನ ನಡುವೆ ಕೂದಲೆಳೆಯ ದಪ್ಪದ ಕೊಳೆ ಸಿಕ್ಕಿಕೊಂಡಿದ್ದು ಓಡಾಟದಲ್ಲಿ ಪುಡಿಯಾಗಿ ಉದುರಿದರೆ, ಎಳೆತದ ಬಹುಪಾಲು ಅದರೊಂದಿಗೆ ಉದುರಿಹೋಗುತ್ತದೆ. ನಟ್ ಒಂದು ಡಿಗ್ರಿಯೂ ಹಿಂದಕ್ಕೆ ತಿರುಗಿರುವುದಿಲ್ಲ. ಆದರೂ ಅದು ಸಡಿಲ.

ನನ್ನ ಗಾಲಿಗೆ ಆದದ್ದೂ ಇದೇ. ಹಿಂದಿನ ವಾರ ಕಾಲುವೆ ಪಕ್ಕದ ಹೊಲದ ದಾರಿಯಲ್ಲಿ ಓಡಾಡಿ ಎರೆಮಣ್ಣು ಹಬ್ಬಿನ ಮುಖಕ್ಕೆ ಮೆತ್ತಿ ಒಣಗಿತ್ತು. ಒಣಗಿದ ಎರೆಮಣ್ಣು ಗಾರೆಯಂತೆ ಗಟ್ಟಿ. ಗನ್ನಿನ ಹೊಡೆತಕ್ಕೆ ಅದು ನಿಂತಿತು. ರಸ್ತೆಯ ಅದುರಿಗೆ ಮಾತ್ರ ನಿಲ್ಲಲಿಲ್ಲ.

ಒಂದನ್ನೇ ಮೊದಲು ಬಿಗಿದರೆ ಏನಾಗುತ್ತದೆ

ಸಡಿಲಾದವು ಆ ಎರಡೇ ಏಕೆ? ಅವು ಹುಡುಗ ಮೊದಲು ಬಿಗಿದ ಮೇಲಿನ ನಟ್ಟಿಗೆ ನೇರ ಎದುರಿನಲ್ಲಿದ್ದವು, ಕೆಳಗಿನ ಎರಡು.

ಕಾರು ಜಾಕಿನ ಮೇಲಿದ್ದಾಗ ಗಾಲಿ ಸ್ಟಡ್‌ಗಳ ಮೇಲೆ ತೂಗಿಕೊಂಡು ತುಸು ಓರೆಯಾಗಿರುತ್ತದೆ. ಆಗ ಮೇಲಿನ ನಟ್ಟೊಂದನ್ನೇ ಪೂರ್ತಿ ಬಿಗಿದರೆ ರಿಮ್ಮಿನ ಮೇಲಂಚು ಹಬ್ಬಿಗೆ ಅಂಟಿಕೊಂಡು ಕೆಳಅಂಚು ಬಾಯಿ ತೆರೆಯುತ್ತದೆ. ಅಡುಗೆಮನೆಯ ಡಬ್ಬಿಯ ಮುಚ್ಚಳವನ್ನು ಒಂದೇ ಬದಿ ಒತ್ತಿದಂತೆ. ಇನ್ನೊಂದು ಸಂಗತಿಯೂ ಇದೆ: ಹೆಚ್ಚಿನ ಕಾರುಗಳಲ್ಲಿ ನಟ್ಟಿನ ಮೂತಿ ಶಂಕುವಿನಂತೆ ಇಳಿಜಾರಾಗಿದ್ದು, ರಿಮ್ಮಿನ ರಂಧ್ರವೂ ಅದಕ್ಕೆ ಹೊಂದುವಂತೆ ಇಳಿಜಾರಾಗಿರುತ್ತದೆ. ಗಾಲಿಯನ್ನು ಸರಿಯಾಗಿ ನಡುವಿಗೆ ತರುವುದರಲ್ಲಿ ಆ ಇಳಿಜಾರಿನ ಪಾತ್ರ ದೊಡ್ಡದು. ಒಂದೇ ನಟ್ ಪೂರ್ತಿ ಬಿಗಿಯಾದರೆ ಗಾಲಿ ಆ ಒಂದು ರಂಧ್ರಕ್ಕೆ ತಕ್ಕಂತೆ ಸರಿದು, ನಾಲ್ಕು ಟನ್ ಒತ್ತಡದಲ್ಲಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಆಮೇಲೆ ಬಿಗಿಯುವ ನಟ್‌ಗಳ ಶ್ರಮದಲ್ಲಿ ಒಂದು ಪಾಲು ಸ್ಟಡ್ ಎಳೆಯುವುದರ ಬದಲು ಕಚ್ಚಿಕೊಂಡ ರಿಮ್ಮನ್ನು ಬಾಗಿಸುವುದಕ್ಕೇ ವ್ಯಯವಾಗುತ್ತದೆ. ಪಾನಾದಲ್ಲಿ ಟಾರ್ಕ್ ಸರಿಯಾಗಿಯೇ ಕಾಣುತ್ತದೆ. ನಾಲ್ಕು ಮೈಲಿ ಓಡಿ ಗಾಲಿ ತನ್ನ ಜಾಗಕ್ಕೆ ಬಂದು ಕೂತಾಗ ಎದುರಿನ ನಟ್‌ಗಳು ಬೆರಳಿಗೆ ತಿರುಗುತ್ತವೆ.

ಆದ್ದರಿಂದ ನಕ್ಷತ್ರದ ಕ್ರಮದಲ್ಲಿ ಎರಡು ವಿಷಯಗಳಿವೆ. ಒಂದಾದ ಮೇಲೆ ಅದರ ಎದುರಿನದಕ್ಕೆ ಹೋಗುವುದು ಒಂದು. ಯಾವುದನ್ನೂ ಒಂದೇ ಸಲಕ್ಕೆ ಪೂರ್ತಿ ಬಿಗಿಯದೆ ಎಲ್ಲವನ್ನೂ ಹಂತ ಹಂತವಾಗಿ ಏರಿಸುವುದು ಇನ್ನೊಂದು. ಜನ ಮೊದಲನೆಯದನ್ನು ನೆನಪಿಟ್ಟುಕೊಂಡು ಎರಡನೆಯದನ್ನು ಮರೆಯುತ್ತಾರೆ. ನನ್ನನ್ನು ಕೇಳಿದರೆ ಎರಡನೆಯದೇ ದೊಡ್ಡದು. ನಕ್ಷತ್ರ ಬರೆದು ಮೊದಲ ನಟ್ಟನ್ನೇ ಗನ್ನಿನಿಂದ ಪೂರ್ತಿ ಬಿಗಿದವನಿಗೆ ನಕ್ಷತ್ರದಿಂದ ಬಂದ ಲಾಭ ಅಲ್ಪ.

ಕೆಲಸ ಶುರು

ಕಾರನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಮೊದಲ ಗೇರಿನಲ್ಲಿ ಬಿಡಿ. ಎತ್ತುವ ಗಾಲಿಗೆ ಮೂಲೆಯಿಂದ ಮೂಲೆಗೆ ಎದುರಾಗಿರುವ ಗಾಲಿಗೆ ಮುಂದೊಂದು ಹಿಂದೊಂದು ಕಲ್ಲು ಕೊಡಿ. ಗಾಲಿ ನೆಲದಲ್ಲಿರುವಾಗಲೇ ಪ್ರತಿ ನಟ್ಟನ್ನೂ ಅರ್ಧ ಸುತ್ತು ಸಡಿಲಿಸಿ, ಆಮೇಲೆ ಜಾಕ್ ಏರಿಸಿ. ಜಾಕಿನ ಮೇಲಿರುವ ಕಾರಿನ ಕೆಳಗೆ ಕೈಕಾಲು ತೂರಿಸಬಾರದು. ಇವು ಎಲ್ಲರಿಗೂ ಗೊತ್ತಿರುವವೇ, ಮುಂದಕ್ಕೆ ಹೋಗೋಣ.

ನಟ್ ತೆಗೆದು ಗಾಲಿಯನ್ನು ಬಿಚ್ಚಿ ಕೆಳಗಿಟ್ಟ ಮೇಲೆ ಐದು ನಿಮಿಷ ಹಬ್ಬಿಗೆ ಕೊಡಿ. ತಂತಿ ಬ್ರಷ್ಷಿನಿಂದ ಹಬ್ಬಿನ ಮುಖವನ್ನೂ ಅದಕ್ಕೆ ಒರಗುವ ರಿಮ್ಮಿನ ಹಿಂಬದಿಯನ್ನೂ ಉಜ್ಜಿ. ಮಣ್ಣು, ಹೊಪ್ಪಳೆಯೆದ್ದ ತುಕ್ಕು, ಹೊಸದಾಗಿ ಬಳಿದ ದಪ್ಪ ಬಣ್ಣ, ಮೂರೂ ಹೋಗಬೇಕು. ರಿಮ್ಮಿಗೆ ಚಂದ ಕಾಣಲೆಂದು ಬಣ್ಣ ಹೊಡೆಸುವವರು ಹಿಂಬದಿಗೂ ರಂಧ್ರದ ಇಳಿಜಾರಿಗೂ ಬಳಿಸಿರುತ್ತಾರೆ. ಆ ಬಣ್ಣವೂ ಎರೆಮಣ್ಣಿನಂತೆಯೇ ಕೆಲವು ಕಿಲೋಮೀಟರಿನಲ್ಲಿ ಹಿಸುಕಿಹೋಗುತ್ತದೆ. ಉಜ್ಜಿದ ಮೇಲೆ ಬರಿಗೈಯಲ್ಲಿ ಹಬ್ಬಿನ ಮುಖವನ್ನು ಸವರಿ ನೋಡಿ. ಕಣ್ಣಿಗೆ ಕಾಣದ ಗಂಟು ಬೆರಳಿಗೆ ಸಿಗುತ್ತದೆ. ಬ್ರೇಕ್ ಡಿಸ್ಕಿನ ಉಜ್ಜುವ ಭಾಗಕ್ಕೆ ಎಣ್ಣೆಗೈ ತಾಗದಂತೆ ನೋಡಿಕೊಳ್ಳಿ.

ಸ್ಟಡ್‌ನ ಥ್ರೆಡ್ಡನ್ನೂ ಒಣ ಬ್ರಷ್ಷಿನಿಂದ ತಿಕ್ಕಿ. ಒಣ ಬ್ರಷ್ ಎಂದು ಒತ್ತಿ ಹೇಳುತ್ತಿದ್ದೇನೆ. ‘ಮುಂದಿನ ಸಲ ಸಲೀಸಾಗಿ ಬರಲಿ’ ಎಂದು ಗ್ರೀಸ್ ಸವರುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ಪಾನಾಕ್ಕೆ ನೀವು ಕೊಡುವ ಬಲದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಘರ್ಷಣೆಗೇ ಹೋಗುತ್ತದೆ, ಸುಮಾರು ಅರ್ಧ ನಟ್ಟಿನ ಮೂತಿಯಲ್ಲಿ, ಉಳಿದದ್ದು ಥ್ರೆಡ್ಡಿನಲ್ಲಿ. ಸ್ಟಡ್ ಎಳೆಯಲು ಉಳಿಯುವುದು ಹತ್ತರಲ್ಲೊಂದು ಪಾಲು. ಗ್ರೀಸ್ ಆ ಘರ್ಷಣೆಯನ್ನು ಕಡಿಮೆ ಮಾಡಿದರೆ ಮಿಕ್ಕ ಬಲ ಎಲ್ಲಿಗೆ ಹೋಗಬೇಕು? ಸ್ಟಡ್‌ಗೇ. K 0.2ರಿಂದ 0.15ಕ್ಕೆ ಇಳಿಯಿತು ಎಂದುಕೊಳ್ಳಿ. ಅದೇ 100 ನ್ಯೂಟನ್ ಮೀಟರಿಗೆ ಎಳೆತ ನಾಲ್ಕೂಕಾಲು ಟನ್ನಿನಿಂದ 5.7 ಟನ್ನಿಗೆ ಏರುತ್ತದೆ. ತಲೆಯ ಮೇಲೆ 8.8 ಎಂದು ಕೆತ್ತಿರುವ ಅಷ್ಟೇ ದಪ್ಪದ ಸಾಧಾರಣ ಬೋಲ್ಟು ಶಾಶ್ವತವಾಗಿ ಹಿಗ್ಗದೆ ತಾಳಬಲ್ಲದ್ದು ಸುಮಾರು 5.2 ಟನ್. ಗಾಲಿಯ ಸ್ಟಡ್‌ಗಳು ಸಾಮಾನ್ಯವಾಗಿ ಅದಕ್ಕಿಂತ ಮೇಲಿನ ದರ್ಜೆಯವಾದ್ದರಿಂದ ಕೂಡಲೇ ಕೆಡುವುದಿಲ್ಲ, ಆದರೆ ಸುರಕ್ಷತೆಗೆಂದು ಇಟ್ಟ ಅಂತರವೆಲ್ಲ ಗ್ರೀಸಿಗೇ ಹೋಯಿತು. ಕೈಪಿಡಿ ಹಚ್ಚಿ ಎಂದು ಹೇಳದಿದ್ದರೆ ಹಚ್ಚಬೇಡಿ.

ಈಗ ಗಾಲಿಯನ್ನು ಸ್ಟಡ್‌ಗಳಿಗೆ ಏರಿಸಿ. ನಟ್ಟಿನ ಇಳಿಜಾರು ಮೂತಿ ರಿಮ್ಮಿನ ಕಡೆಗಿರಬೇಕು. ಐದನ್ನೂ ಬೆರಳಿನಿಂದಲೇ ಹಿಡಿಸಿ. ಪಾನಾ ಇಲ್ಲ, ಗನ್ನಂತೂ ಇಲ್ಲವೇ ಇಲ್ಲ. ಥ್ರೆಡ್ ಓರೆಯಾಗಿ ಹತ್ತಿಕೊಂಡರೆ ಬೆರಳಿಗೆ ಒಂದು ಸುತ್ತಿನೊಳಗೇ ಗೊತ್ತಾಗುತ್ತದೆ, ಗನ್ನಿಗೆ ಕೊನೆಯವರೆಗೂ ಗೊತ್ತಾಗುವುದಿಲ್ಲ. ಸುತ್ತುಗಳನ್ನು ಒಮ್ಮೆ ಎಣಿಸಿ. ನಟ್ ಕನಿಷ್ಠ ಸ್ಟಡ್‌ನ ದಪ್ಪದಷ್ಟು ಆಳ ಹಿಡಿದಿರಬೇಕು. 12 ಮಿಲಿಮೀಟರ್ ದಪ್ಪ, ಥ್ರೆಡ್ಡಿನ ಅಂತರ ಒಂದೂವರೆ ಮಿಲಿಮೀಟರ್ ಆದರೆ ಎಂಟು ಸುತ್ತು. ಹೊರಗಿನಿಂದ ಅಲಾಯ್ ಗಾಲಿ ತಂದು ಹಾಕಿಸಿಕೊಂಡವರಿಗೆ ಈ ಎಣಿಕೆ ಬಹಳ ಮುಖ್ಯ. ಅದರ ನಡುಭಾಗ ದಪ್ಪವಿದ್ದು ನಟ್ಟಿಗೆ ನಾಲ್ಕೈದು ಸುತ್ತು ಮಾತ್ರ ಸಿಗುತ್ತಿದ್ದರೆ ಎಷ್ಟು ಟಾರ್ಕ್ ಕೊಟ್ಟರೂ ಪ್ರಯೋಜನವಿಲ್ಲ. ನಟ್ಟಿನ ಮೂತಿಯೂ ಆ ಗಾಲಿಗೆ ಹೊಂದಬೇಕು. ಕೆಲವಕ್ಕೆ ಗೋಲಾಕಾರದ ಮೂತಿ, ಕೆಲವಕ್ಕೆ ವಾಷರ್ ಇರುವ ಚಪ್ಪಟೆ ಮೂತಿ.

ಮೂರು ಸುತ್ತು

ಗಿರಣಿಯಲ್ಲಿ ನನಗೆ ಕೆಲಸ ಕಲಿಸಿದ ಮೇಸ್ತ್ರಿಯವರು ಹೊಸಬರ ಕೈಗೆ ಪಾನಾಕ್ಕಿಂತ ಮೊದಲು ಸೀಮೆಸುಣ್ಣ ಕೊಡುತ್ತಿದ್ದರು. ಪ್ರತಿ ನಟ್ಟಿನ ಪಕ್ಕ ಅಂಕಿ ಬರೆಯಬೇಕು. ನೀವೂ ಹಾಗೆ ಮಾಡಿ. ಮೇಲಿನದು ಒಂದು, ಅಲ್ಲಿಂದ ಗಡಿಯಾರದ ದಿಕ್ಕಿನಲ್ಲಿ ಎರಡು, ಮೂರು, ನಾಲ್ಕು, ಐದು. ಬಿಗಿಯುವ ಕ್ರಮ 1, 3, 5, 2, 4. ಒಂದೊಂದು ಬಿಟ್ಟು ಮುಂದಿನದಕ್ಕೆ ಹೋದರಾಯಿತು, ಕೈ ತಾನಾಗಿ ನಕ್ಷತ್ರ ಬರೆಯುತ್ತದೆ. ನಾಲ್ಕು ನಟ್ಟಿನ ಸಣ್ಣ ಕಾರಾದರೆ 1, 3, 2, 4, ಅಂದರೆ ಗುಣಾಕಾರದ ಚಿಹ್ನೆ.

ಮೊದಲ ಸುತ್ತು ಗಾಲಿ ಇನ್ನೂ ಗಾಳಿಯಲ್ಲಿರುವಾಗ. ಗಿಡ್ಡ ಪಾನಾದಿಂದ, ಒಂದೇ ಕೈಯಿಂದ, ನಟ್ ರಿಮ್ಮಿಗೆ ಒರಗುವಷ್ಟು. ಮೂರನೆಯದಕ್ಕೋ ಐದನೆಯದಕ್ಕೋ ಬರುವಾಗ ಗಾಲಿಯನ್ನು ಎರಡೂ ಕೈಯಿಂದ ಹಿಡಿದು ತುಸು ಅಲುಗಾಡಿಸಿ ಒಳಕ್ಕೆ ಒತ್ತಿ. ಓರೆಯಿದ್ದದ್ದು ಕೂರುತ್ತದೆ, ಆಗ ಮೊದಲು ಒರಗಿಸಿದ ನಟ್ ಮತ್ತೆ ಕಾಲು ಸುತ್ತು ಬರುವುದನ್ನು ಕಾಣುತ್ತೀರಿ. ಆ ಕಾಲು ಸುತ್ತೇ ಗನ್ನಿನಿಂದ ಬಿಗಿದಾಗ ಒಳಗೆ ಅಡಗಿ ಕೂರುವ ಸಡಿಲ.

ಎರಡನೆಯ ಸುತ್ತಿಗೆ ಜಾಕನ್ನು ಇಳಿಸಿ, ಟೈರ್ ನೆಲ ಮುಟ್ಟಿ ಗಾಲಿ ತಿರುಗದಂತೆ ನಿಂತರೆ ಸಾಕು, ಪೂರ್ತಿ ಭಾರ ಬೇಡ. ಇಟ್ಟಷ್ಟು ಟಾರ್ಕ್ ಬಂದಾಗ ಕ್ಲಿಕ್ ಎನ್ನುವ ಟಾರ್ಕ್ ಪಾನಾವನ್ನು ಅರ್ಧಕ್ಕೆ, ಅಂದರೆ 50 ನ್ಯೂಟನ್ ಮೀಟರಿಗೆ ಇಟ್ಟು ಅದೇ ಕ್ರಮದಲ್ಲಿ ಬನ್ನಿ.

ಮೂರನೆಯದಕ್ಕೆ ಕಾರನ್ನು ಪೂರ್ತಿ ಇಳಿಸಿ 100ಕ್ಕೆ ಇಟ್ಟು ಮತ್ತೆ 1, 3, 5, 2, 4. ಇಲ್ಲಿಗೆ ಮುಗಿಯಿತೆಂದು ಪಾನಾ ಕೆಳಗಿಡಬೇಡಿ. ಪಕ್ಕದ ನಟ್ ಬಿಗಿದಾಗ ಮೊದಲೇ ಬಿಗಿದಿದ್ದರ ಎಳೆತ ಸ್ವಲ್ಪ ಇಳಿಯುತ್ತದೆ, ರಿಮ್ ಅಷ್ಟಷ್ಟೇ ಒತ್ತಿಹೋಗುವುದರಿಂದ. ಆದ್ದರಿಂದ ಅದೇ 100ರಲ್ಲಿ ಕೊನೆಯದಾಗಿ ಒಂದು ಸುತ್ತು ಬನ್ನಿ. ಶುಚಿಯಾದ ಹಬ್ಬಿನಲ್ಲಿ ಒಂದೋ ಎರಡೋ ನಟ್ ಕೂದಲೆಳೆಯಷ್ಟು ಚಲಿಸಿ ಕ್ಲಿಕ್ ಎನ್ನುತ್ತವೆ, ಉಳಿದವು ಚಲಿಸದೆಯೇ ಕ್ಲಿಕ್ ಎನ್ನುತ್ತವೆ. ಯಾವುದಾದರೂ ಒಂದು ನಟ್ ಪ್ರತಿ ಸಲವೂ ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ತಿರುಗುತ್ತಲೇ ಇದ್ದು ಕ್ಲಿಕ್ ಬರದಿದ್ದರೆ ನಿಲ್ಲಿಸಿ. ಅದು ಬಿಗಿಯಾಗುತ್ತಿಲ್ಲ, ಸ್ಟಡ್ ಹರಿಯುವ ಹಾದಿಯಲ್ಲಿದೆ. ಆ ಸ್ಟಡ್ಡನ್ನೂ ನಟ್ಟನ್ನೂ ಬದಲಿಸಬೇಕು.

ಪಾನಾದ ಮಾತು

ಕ್ಲಿಕ್ ಎನ್ನುವ ಟಾರ್ಕ್ ಪಾನಾ ಕಾರಿನ ಕೆಲಸಕ್ಕೆ ಸಾಕು. 100ರ ಆಸುಪಾಸು ಅದರ ಅಳತೆಯ ನಡುಭಾಗಕ್ಕೆ ಬರುವಂಥದ್ದನ್ನು ಕೊಳ್ಳಿ, ತೀರ ಕೊನೆಗಳಲ್ಲಿ ಅಳತೆ ನೆಚ್ಚಿಗೆಯದಲ್ಲ. ಹಿಡಿಯ ಮೇಲೆ ಎರಡು ಅಳತೆಗಳು ಕೆತ್ತಿರುತ್ತವೆ, ಒಂದು ಬದಿ ನ್ಯೂಟನ್ ಮೀಟರ್, ಇನ್ನೊಂದು ಬದಿ ಫುಟ್ ಪೌಂಡ್. ಗಮನವಿಲ್ಲದೆ ಫುಟ್ ಪೌಂಡಿನ ಬದಿಯಲ್ಲಿ 100 ಇಟ್ಟರೆ ನೀವು ಕೊಡುವುದು 136 ನ್ಯೂಟನ್ ಮೀಟರ್. ಹಳೆಯ ಕೈಪಿಡಿಗಳಲ್ಲಿ ಕಿಲೋಗ್ರಾಂ ಮೀಟರ್ ಇರುತ್ತದೆ, ಅದನ್ನು 9.81ರಿಂದ ಗುಣಿಸಿಕೊಳ್ಳಬೇಕು. ಅಲ್ಲಿ 10.2 ಎಂದಿದ್ದರೆ ಅದೇ ನಮ್ಮ 100.

ಹಿಡಿಯ ನಡುವನ್ನು ಹಿಡಿದು ನಿಧಾನವಾಗಿ, ಒಂದೇ ಸಮನೆ ಎಳೆಯಿರಿ. ಕ್ಲಿಕ್ ಎಂದ ತಕ್ಷಣ ಕೈ ಬಿಡಿ. ‘ಇನ್ನೊಂದು ಸಲ ಕೇಳಿಸಿಕೊಳ್ಳೋಣ’ ಎಂದು ಎರಡು, ಮೂರು ಕ್ಲಿಕ್ ಹೊಡೆಸುವುದು ಚಟ, ಪ್ರತಿ ಸಲವೂ ಸ್ವಲ್ಪ ಹೆಚ್ಚು ಸೇರುತ್ತದೆ. ಕ್ಲಿಕ್ ಎಂಬುದು ‘ಇಷ್ಟಾಯಿತು’ ಎಂಬ ಸೂಚನೆ ಮಾತ್ರ, ಪಾನಾ ಅಲ್ಲಿಗೆ ಜಾರಿಕೊಳ್ಳುವುದಿಲ್ಲ, ಮುಂದೆ ಎಳೆದರೆ ಮುಂದೆಯೂ ಬಿಗಿಯುತ್ತದೆ. ಇನ್ನೊಂದು ಮಿತಿ ತಿಳಿದಿರಬೇಕು. ಗನ್ನಿನಿಂದ ಈಗಾಗಲೇ 250 ಹೊಡೆದ ನಟ್ಟಿಗೆ 100ರ ಪಾನಾ ಹಾಕಿದರೂ ಅದು ಕ್ಲಿಕ್ ಎಂದೇ ಹೇಳುತ್ತದೆ. ಕೆಲವು ಅಂಗಡಿಗಳಲ್ಲಿ ಗನ್ನಿನಿಂದ ಬಿಗಿದು ಕೊನೆಗೆ ಗಿರಾಕಿಯ ಮುಂದೆ ಟಾರ್ಕ್ ಪಾನಾದಿಂದ ಕ್ಲಿಕ್ ಎನಿಸಿ ತೋರಿಸುತ್ತಾರೆ. ಅದಕ್ಕೆ ಏನೂ ಅರ್ಥವಿಲ್ಲ. ಅರ್ಥ ಬರಬೇಕಾದರೆ ನಟ್ಟನ್ನು ಸಡಿಲಿಸಿ ಪಾನಾದಿಂದಲೇ ಮತ್ತೆ ಬಿಗಿಯಬೇಕು.

ಅತಿಯಾಗಿ ಬಿಗಿದರೆ ಒಳ್ಳೆಯದೇ ತಾನೆ ಎಂದು ಕೇಳುವವರಿಗೆ ಸ್ಟಡ್‌ನ ಕಥೆ ಹೇಳಿದ್ದಾಯಿತು. ಮುಂದಿನ ಗಾಲಿಗಳಲ್ಲಿ ಇನ್ನೊಂದು ತೊಂದರೆ ಉಂಟು. ಅಲ್ಲಿ ರಿಮ್ಮಿಗೂ ಹಬ್ಬಿಗೂ ನಡುವೆ ಬ್ರೇಕ್ ಡಿಸ್ಕ್ ಸಿಕ್ಕಿಕೊಂಡಿರುತ್ತದೆ. ಒಂದು ನಟ್ 200, ಪಕ್ಕದ್ದು 80 ಆದರೆ ಡಿಸ್ಕ್ ಕಣ್ಣಿಗೆ ಕಾಣದಷ್ಟು ಸೊಟ್ಟಗಾಗಿ, ಕೆಲವು ವಾರ ಕಳೆದು ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗತೊಡಗುತ್ತದೆ. ಜನ ಡಿಸ್ಕ್ ಹಾಳಾಯಿತೆಂದು ಹೊಸದು ಹಾಕಿಸುತ್ತಾರೆ. ಅದೇ ಗನ್ನು ಅದನ್ನೂ ಬಿಗಿಯುತ್ತದೆ.

ರಸ್ತೆಬದಿಯಲ್ಲಿ, ಟಾರ್ಕ್ ಪಾನಾ ಇಲ್ಲದಾಗ

ಟಾರ್ಕ್ ಎಂದರೆ ಬಲವನ್ನು ಹಿಡಿಯ ಉದ್ದದಿಂದ ಗುಣಿಸಿದ್ದು, ಅಷ್ಟೇ. ಕಾರಿನ ಜೊತೆ ಬರುವ ಪಾನಾದ ತೋಳನ್ನು ಟೇಪಿನಿಂದ ಅಳೆದಿಟ್ಟುಕೊಳ್ಳಿ. ನನ್ನದು ನಟ್ಟಿನ ನಡುವಿನಿಂದ ಕೈ ಹಿಡಿಯುವ ಜಾಗಕ್ಕೆ 30 ಸೆಂಟಿಮೀಟರ್. 100 ನ್ಯೂಟನ್ ಮೀಟರ್ ಬೇಕೆಂದರೆ 100 ಅನ್ನು 0.3ರಿಂದ ಭಾಗಿಸಿ, 333 ನ್ಯೂಟನ್, ಅಂದರೆ ಸುಮಾರು 34 ಕಿಲೋ. ಮನೆಗೆ ಬರುವ ತುಂಬಿದ ಗ್ಯಾಸ್ ಸಿಲಿಂಡರ್ 30 ಕಿಲೋ ಆಸುಪಾಸು ತೂಗುತ್ತದೆ. ಅದನ್ನು ಎತ್ತಲು ಹಾಕುವ ಶ್ರಮಕ್ಕಿಂತ ಒಂದು ಚೂರು ಹೆಚ್ಚು, ಎಂಬುದು ಕೈಗೆ ಸಿಗುವ ಗುರುತು. ನಿಖರವಲ್ಲ, ಆದರೆ ಐದು ನಟ್ಟಿಗೂ ಒಂದೇ ಶ್ರಮ ಹಾಕಿದರೆ ಸಮನಾಗಿಯಾದರೂ ಇರುತ್ತದೆ.

ಪಾನಾದ ಮೇಲೆ ಕಾಲಿಟ್ಟು ನಿಲ್ಲುವವರನ್ನು ಹೆದ್ದಾರಿಯಲ್ಲಿ ದಿನವೂ ಕಾಣಬಹುದು. 65 ಕಿಲೋ ತೂಕದ ಮನುಷ್ಯ 30 ಸೆಂಟಿಮೀಟರ್ ತೋಳಿನ ಮೇಲೆ ಸುಮ್ಮನೆ ನಿಂತರೂ 190 ನ್ಯೂಟನ್ ಮೀಟರ್ ದಾಟುತ್ತದೆ. ಕುಪ್ಪಳಿಸಿದರೆ ಹೇಳುವುದೇ ಬೇಡ. ಬಿಚ್ಚಲು ಕಾಲು ಬಳಸಿ, ಆಕ್ಷೇಪವಿಲ್ಲ. ಬಿಗಿಯಲು ಮಾತ್ರ ಕೈ.

ಫ್ಲೇಂಜ್ ಆದರೆ

ಪಂಪಿನ ಪೈಪು, ಹಬೆಯ ಕೊಳವೆ ಮುಂತಾದವುಗಳ ತುದಿಗಳನ್ನು ಬೋಲ್ಟಿನಿಂದ ಜೋಡಿಸುವ ಬಳೆಗಳಾದ ಫ್ಲೇಂಜ್‌ಗಳಿಗೂ ಇದೇ ನಿಯಮ, ಎರಡು ವ್ಯತ್ಯಾಸಗಳೊಂದಿಗೆ. ಎಂಟು ಬೋಲ್ಟಿನ ಫ್ಲೇಂಜಿಗೆ ಗಡಿಯಾರದ ದಿಕ್ಕಿನಲ್ಲಿ ಅಂಕಿ ಬರೆದುಕೊಂಡು 1, 5, 3, 7, 2, 6, 4, 8 ಎಂದು ಹೋಗಬೇಕು. ಗುರಿಯ ಟಾರ್ಕಿನ ಮೂರರಲ್ಲೊಂದು, ಮೂರರಲ್ಲೆರಡು, ಪೂರ್ತಿ ಎಂದು ಮೂರು ಸಲ. ಅದಾದ ಮೇಲೆ ನಕ್ಷತ್ರ ಬಿಟ್ಟು 1ರಿಂದ 8ರವರೆಗೆ ವೃತ್ತಾಕಾರದಲ್ಲಿ, ಯಾವ ನಟ್ಟೂ ಅಲುಗದಷ್ಟು ಸಲ. ನಡುವೆ ಮೆತ್ತನೆಯ ಗ್ಯಾಸ್ಕೆಟ್ ಇರುವುದರಿಂದ ಒಂದನ್ನು ಬಿಗಿದಾಗ ಪಕ್ಕದ್ದು ಸಡಿಲಾಗುವುದು ಗಾಲಿಗಿಂತ ಇಲ್ಲಿ ಬಹಳ ಹೆಚ್ಚು, ಅದಕ್ಕೇ ಈ ಹೆಚ್ಚುವರಿ ಸುತ್ತುಗಳು. ಎರಡನೆಯ ವ್ಯತ್ಯಾಸ ಎಣ್ಣೆಯದು. ಫ್ಲೇಂಜಿನ ಟಾರ್ಕ್ ಪಟ್ಟಿಗಳನ್ನು ಬಹುತೇಕ ಎಣ್ಣೆ ಹಚ್ಚಿದ ಥ್ರೆಡ್ಡಿಗೆಂದೇ ಮಾಡಿರುತ್ತಾರೆ, ಆದ್ದರಿಂದ ಅಲ್ಲಿ ಥ್ರೆಡ್ಡಿಗೂ ನಟ್ಟಿನ ಮುಖಕ್ಕೂ ಹಚ್ಚಬೇಕು. ಪಟ್ಟಿ ಯಾವುದಕ್ಕೆಂದು ಓದಿಯೇ ಶುರುಮಾಡಿ. ಒಣ ಥ್ರೆಡ್ಡಿಗೆ ಆ ಸಂಖ್ಯೆ ಕೊಟ್ಟರೆ ಎಳೆತ ಸಾಲದೆ ಫ್ಲೇಂಜ್ ಸೋರುತ್ತದೆ. ಸೋರುವ ಫ್ಲೇಂಜನ್ನು ಒಳಗೆ ಒತ್ತಡವಿರುವಾಗಲೇ ಬಿಗಿಯಲು ಹೋಗುವುದನ್ನು ಮೇಸ್ತ್ರಿಯವರು ಯಾರಿಗೂ ಬಿಡುತ್ತಿರಲಿಲ್ಲ, ನಾನೂ ಹೇಳುವುದಿಲ್ಲ.

ಮತ್ತೆ ಭರಮಸಾಗರದ ಈಚೆ

ಆ ದಿನ ರಸ್ತೆಬದಿಯಲ್ಲಿ ನಾನು ಮಾಡಿದ್ದು ಇಷ್ಟು. ಸಡಿಲಾದ ಎರಡನ್ನು ಅಲ್ಲಿಯೇ ಬಿಗಿದು ಹೊರಡುವ ಆಸೆಯಾಯಿತು, ಹಾಗೆ ಮಾಡಲಿಲ್ಲ. ಹಾಗೆ ಮಾಡಿದ್ದರೆ ಓರೆಯಾಗಿ ಕಚ್ಚಿದ್ದ ಗಾಲಿ ಓರೆಯಲ್ಲೇ ಉಳಿಯುತ್ತಿತ್ತು. ಬಿಗಿದಿದ್ದ ಮೂರನ್ನೂ ಕಾಲಿಟ್ಟು ಸಡಿಲಿಸಿ, ಗಾಲಿ ಇಳಿಸಿ, ರಂಧ್ರಗಳನ್ನು ನೋಡಿದೆ. ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಆ ರಿಮ್ಮನ್ನು ಮತ್ತೆ ಹಾಕಬಾರದು, ಸ್ಟೆಪ್ನಿ ಹಾಕಬೇಕು. ನನ್ನದು ದುಂಡಗೇ ಇತ್ತು. ಎರಡು ರಂಧ್ರಗಳ ಸುತ್ತ ಮಾತ್ರ ಕೆಂಗಂದು ಪುಡಿ ಗೀರುಗೀರಾಗಿ ಹರಡಿತ್ತು. ಲೋಹ ಲೋಹಕ್ಕೆ ಉಜ್ಜಿದಾಗ ಏಳುವ ಪುಡಿ ಅದು, ಓಡುವ ಗಾಡಿಯಲ್ಲಿ ನಟ್ಟಿನ ಸುತ್ತ ಅಂಥ ಗೀರು ಕಂಡರೆ ಸದ್ದು ಕೇಳಿಸುವ ಮೊದಲೇ ಸಡಿಲವನ್ನು ಗುರುತಿಸಬಹುದು. ಸ್ಟಡ್‌ಗಳಲ್ಲಿ ನಟ್ಟನ್ನು ಬೆರಳಿನಿಂದ ಪೂರ್ತಿ ಓಡಿಸಿ ನೋಡಿದೆ. ಹಿಗ್ಗಿಹೋದ ಸ್ಟಡ್ ಆಗಿದ್ದರೆ ನಡುವೆ ಒಂದು ಕಡೆ ನಟ್ ಹಿಡಿದುಕೊಳ್ಳುತ್ತದೆ. ಐದೂ ಸಲೀಸಾಗಿ ಓಡಿದವು.

ಹಬ್ಬಿನ ಮುಖದಲ್ಲಿ ಎರೆಮಣ್ಣು ಬೆರಳುಗುರಿನಷ್ಟಗಲದ ತೇಪೆಯಾಗಿ ಇನ್ನೂ ಅರ್ಧ ಉಳಿದಿತ್ತು. ತಂತಿ ಬ್ರಷ್ ಇರಲಿಲ್ಲ. ಚಪ್ಪಟೆ ಸ್ಕ್ರೂಡ್ರೈವರಿನಿಂದ ಕೆರೆದು, ಹಳೆ ಬಟ್ಟೆಯಿಂದ ಒರೆಸಿ, 1, 3, 5, 2, 4 ಎಂದು ಮೂರು ಸುತ್ತು ಬಂದೆ, ಗ್ಯಾಸ್ ಸಿಲಿಂಡರ್ ಲೆಕ್ಕದಲ್ಲಿ.

ಬಿಚ್ಚಿ ಹಾಕಿದ ಗಾಲಿಯನ್ನು 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿದು ನೋಡಬೇಕು, ಎಷ್ಟೇ ಶುಚಿ ಮಾಡಿದರೂ ಮುಖಗಳು ಒಂದಿಷ್ಟು ಕೂರುತ್ತವೆ. ದಾವಣಗೆರೆಯವರಿಗೆ ಈ ಲೆಕ್ಕ ಸುಲಭ: ಚಿತ್ರದುರ್ಗಕ್ಕೆ ಸುಮಾರು 60 ಕಿಲೋಮೀಟರ್. ಅಂದು ಭರಮಸಾಗರದಿಂದ ಮುಂದೆ ನಿಧಾನವಾಗಿ ಓಡಿಸಿಕೊಂಡು ಹೋಗಿ, ಕೋಟೆ ಕಾಣುವ ಹೊತ್ತಿಗೆ ಪರಿಚಯದ ಗೆಳೆಯನ ಗ್ಯಾರೇಜಿಗೆ ತಿರುಗಿಸಿದೆ. ಗಾಲಿ ಕೈಗೆ ತಣ್ಣಗೆ ತಾಗುವವರೆಗೆ ಕಾದು, ಅವನ ಟಾರ್ಕ್ ಪಾನಾವನ್ನು 100ಕ್ಕಿಟ್ಟು ನಕ್ಷತ್ರದ ಕ್ರಮದಲ್ಲಿ ಬಂದೆ. ಮೂರು ನಟ್ ಚಲಿಸದೆ ಕ್ಲಿಕ್ ಎಂದವು. ಕೆಳಗಿನ ಎರಡು ಮಾತ್ರ ಅರ್ಧ ಅಂಗುಲದಷ್ಟು ಹಿಡಿ ಸರಿದು ಕ್ಲಿಕ್ ಎಂದವು. ಅಷ್ಟು ಸರಿಯುವುದು ಸಹಜ. ಕಾಲು ಸುತ್ತು ಸರಿದಿದ್ದರೆ ಮತ್ತೆ ಗಾಲಿ ಇಳಿಸಬೇಕಾಗುತ್ತಿತ್ತು.

‘ಏನಣ್ಣಾ, ನೀವೇ ಬಿಗಿದುಕೊಂಡು ಬಂದದ್ದನ್ನು ನೀವೇ ನಂಬುವುದಿಲ್ಲವೇ?’ ಎಂದ ಗೆಳೆಯ. ಪಾನಾದ ಸ್ಪ್ರಿಂಗ್ ಬಳಲದಿರಲೆಂದು ಅದರ ಅಳತೆಯನ್ನು ಕೆಳಗಿನ ಗೆರೆಗೆ ಇಳಿಸಿ, ಒರೆಸಿ, ಅವನ ಪೆಟ್ಟಿಗೆಯಲ್ಲಿಟ್ಟು ಚಹಾ ಹೇಳಿದೆ.